ಶಿಲ್ಕು ಕೂಡಿತು ಸರಿ, ರಸೀದಿ ಕೂಡಿತಾ?

ನಮಸ್ಕಾರ. ಗಣಪತಿ ಕಳಿಸಿದ ಮುಂದಿನ ವಾರ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಲೆಕ್ಕದ ಸಭೆ ಇರುತ್ತದೆ. ಕೀರ್ದಿ ಬರೆಯುವವನು ನಾನು. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಶಿಲ್ಕು ಎಷ್ಟು ಉಳೀತ್ರೀ?" ಆ ಪ್ರಶ್ನೆ ಸಾಲುವುದಿಲ್ಲ. ಮೊದಲು ಕೇಳಬೇಕಾದ್ದು, ರಸೀದಿ ಎಷ್ಟು ಹರಿದಿರಿ, ಎಷ್ಟು ವಾಪಸ್ ಬಂದವು ಅಂತ.

ಈ ಸಲದ ಲೆಕ್ಕವನ್ನೇ ಹೇಳುತ್ತೇನೆ. ಚಂದಾ ಪಟ್ಟಿ ಎತ್ತಲು ನಾಲ್ಕು ರಸೀದಿ ಪುಸ್ತಕ ಕೊಟ್ಟಿದ್ದೆವು. ಒಂದೊಂದರಲ್ಲಿ 50, ಒಟ್ಟು 200. ಯಾವ ಪುಸ್ತಕ ಯಾರ ಕೈಗೆ ಹೋಯಿತು ಎಂದು ಮೊದಲ ಪುಟದಲ್ಲೇ ಬರೆದು ಸಹಿ ತಗೊಂಡಿದ್ದೆ. ಸಭೆಯ ಹಿಂದಿನ ರಾತ್ರಿ ನಾಲ್ಕೂ ವಾಪಸ್ ಬಂದವು. ಎಣಿಸಿದೆ. ಬರೆದಿದ್ದು 168, ಖಾಲಿ 31, ರದ್ದು 1. ಕೂಡಿದರೆ ಸರಿಯಾಗಿ 200. ರದ್ದಾದದ್ದು 164ನೇ ನಂಬರ್. ಅದರ ಎರಡೂ ಪ್ರತಿ ಪುಸ್ತಕದಲ್ಲೇ ಅಂಟಿಕೊಂಡಿದ್ದವು. ರದ್ದಾದ ರಸೀದಿಯ ಮೂಲ ಪ್ರತಿ ಇಲ್ಲದಿದ್ದರೆ ಅದನ್ನು ರದ್ದು ಅಂತ ನಾನು ಒಪ್ಪುವುದಿಲ್ಲ. ಅದು ಯಾರದೋ ಮನೆಯಲ್ಲಿದೆ ಅಂತಲೇ ಅರ್ಥ.

ಆಮೇಲೆ ಹಣ. ಹೋದ ವರ್ಷದ ಶಿಲ್ಕು 8,400. ಈ ವರ್ಷ ರಸೀದಿಗಳ ಮೊತ್ತ 96,300. ಬಮ್ಮಾಪುರ ಓಣಿಯಿಂದ ತಂದ ಮೂರ್ತಿ, ಪೆಂಡಾಲ್, ಲೈಟು, ಬ್ಯಾಂಡು, ಪ್ರಸಾದ, ಹೂವು ಎಲ್ಲ ಸೇರಿ ಖರ್ಚು 92,500. ಅಂದರೆ ಅಖೈರು ಶಿಲ್ಕು 12,200 ಇರಬೇಕು. ಬ್ಯಾಂಕಿನಲ್ಲಿ 8,500, ಡಬ್ಬಿಯಲ್ಲಿ 3,700. ಬ್ಯಾಂಕ್ ಪಾಸ್‌ಬುಕ್ ಕೂಡಿತು. ಡಬ್ಬಿಯಲ್ಲಿ ಇದ್ದದ್ದು 3,199.

501 ಕಡಿಮೆ.

ಒಬ್ಬ ಹುಡುಗ ಹೇಳಿದ, "ಇತರೆ ಖರ್ಚು ಅಂತ ಹಾಕಿಬಿಡ್ರಿ ಕಾಕಾ, ಐನೂರು ರೂಪಾಯಿಗೆ ಯಾರ್ ಕೇಳ್ತಾರ?" ಅವನು ಕೆಟ್ಟವನಲ್ಲ, ನಿದ್ದೆಗೆಟ್ಟಿದ್ದ. ಆದರೆ ಹಾಗೆ ಹಾಕಿದ್ದರೆ ಕಾಗದದ ಮೇಲೆ ಲೆಕ್ಕ ಕೂಡುತ್ತಿತ್ತು, ತಪ್ಪು ಮಾತ್ರ ಒಳಗೇ ಉಳಿಯುತ್ತಿತ್ತು.

ಕಡಿಮೆ ಬಿದ್ದ ಮೊತ್ತವೇ ದಾರಿ ತೋರಿಸುತ್ತದೆ. ಅದು ಒಂಬತ್ತರಿಂದ ಸರಿಯಾಗಿ ಭಾಗವಾದರೆ ಅಂಕಿ ಹಿಂದೆಮುಂದೆ ಆಗಿರಬಹುದು, 1,150 ಬರೆಯುವಲ್ಲಿ 1,510 ಬರೆದ ಹಾಗೆ. 501 ಹಾಗೆ ಭಾಗವಾಗುವುದಿಲ್ಲ. ಆದರೆ ಅದು ಜನ ಪಟ್ಟಿ ಕೊಡುವ ಅಂಕಿ, ಅಲ್ವಾ? ಬ್ಯಾಂಕ್ ಕೂಡಿದ್ದರಿಂದ ಫೋನ್‌ನಲ್ಲಿ ಬಂದವನ್ನು ಬಿಟ್ಟು, ನಗದು 501ರ ರಸೀದಿಗಳನ್ನಷ್ಟೇ ತೆಗೆದೆವು. ಪುಸ್ತಕ ಹಿಡಿದವರನ್ನು ಒಂದೊಂದಾಗಿ ಕೇಳಿದೆವು. 171ನೇ ರಸೀದಿಗೆ ಬಂದಾಗ ನಾಲ್ಕನೇ ಪುಸ್ತಕದ ಹುಡುಗ ತಲೆ ಕೆರೆದುಕೊಂಡ. ಅಂಗಡಿಯವರು "ರಸೀದಿ ಹರಿದು ಹೋಗ್ರಿ, ನಾಳೆ ಕೊಡ್ತೀನಿ" ಅಂದಿದ್ದರಂತೆ. ಆ ನಾಳೆ ಬಂದಿರಲಿಲ್ಲ.

ನಾನು ಜಮಾದಿಂದ 501 ತೆಗೆದು 95,799 ಮಾಡಿದೆ. ಶಿಲ್ಕು 11,699 ಆಯಿತು. ಕೆಳಗೆ ಒಂದು ಸಾಲು: "ಬರಬೇಕಾದ್ದು, ರಸೀದಿ 171, ರೂ. 501." ಅದರ ಕೆಳಗೇ ಸವಾಲಿನಲ್ಲಿ ಹರಾಜಾದ ತೆಂಗಿನಕಾಯಿ, ರೂ. 5,100. ಸವಾಲು ಹಿಡಿದವರು ಹಣ ಆಮೇಲೆ ಕೊಡುವುದು ನಮ್ಮಲ್ಲಿ ರೂಢಿ. ಅದನ್ನು ಲೆಕ್ಕ ಬರೆಯುವ ಕೆಲವರು ಈಗಲೇ ಜಮಾಕ್ಕೆ ಸೇರಿಸಿ ಶಿಲ್ಕು ದೊಡ್ಡದು ಮಾಡಿ ಓದುತ್ತಾರೆ. ಕೈಗೆ ಬಾರದ ಹಣ ಶಿಲ್ಕಲ್ಲ. ಬಂದ ದಿನ ರಸೀದಿ ಹರಿಯಿರಿ, ಆ ದಿನದ ತಾರೀಖಿಗೇ ಜಮಾ ಮಾಡಿ.

ಇಷ್ಟಾದರೂ ಒಂದು ತೂತು ಉಳಿಯುತ್ತದೆ. ಕೊಡುವವರ ಪ್ರತಿಯಲ್ಲಿ 501, ನಮ್ಮ ಪ್ರತಿಯಲ್ಲಿ 51 ಅಂತ ಬರೆದು ಅಷ್ಟೇ ತಂದುಕೊಟ್ಟರೆ ಪುಸ್ತಕವೂ ಕೂಡುತ್ತದೆ, ಡಬ್ಬಿಯೂ ಕೂಡುತ್ತದೆ. ನಾನು ಎಷ್ಟು ಎಣಿಸಿದರೂ ಸಿಗುವುದಿಲ್ಲ. ಅದನ್ನು ಹಿಡಿಯುವವರು ರಸೀದಿ ಮನೆಯಲ್ಲಿಟ್ಟುಕೊಂಡವರು ಮಾತ್ರ. ಅದಕ್ಕೇ ಬೋರ್ಡಿನ ಮೇಲೆ ಬರೀ ಒಟ್ಟು ಮೊತ್ತ ಬರೆಯಬೇಡಿ ಅಂತ ನಾನು ಹಟ ಹಿಡಿಯುವುದು. 1ರಿಂದ ಕೊನೆಯ ನಂಬರಿನವರೆಗೆ ನಂಬರ್ ಮತ್ತು ಮೊತ್ತ ಬರೆದು ಹಾಕಿ. ರದ್ದಾದದ್ದನ್ನೂ, ಖಾಲಿ ಉಳಿದದ್ದನ್ನೂ ಬಿಡಬೇಡಿ. ಹೆಸರು ಬೇಕಿಲ್ಲ. ಹತ್ತು ರೂಪಾಯಿ ಕೊಟ್ಟವರಿಗೆ ಮುಜುಗರವೂ ಆಗುವುದಿಲ್ಲ.

ಈ ಸಲ ಹಾಗೇ ಹಾಕಿದೆವು. ಮೂಲೆಮನೆ ಅಜ್ಜಿ ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ರಸೀದಿ ಬಿಚ್ಚಿ, ಮೊಮ್ಮಗಳ ಕೈಲಿ ಓದಿಸಿದರು. 88, ನೂರಾ ಒಂದು. ಬೋರ್ಡಿನಲ್ಲೂ ಅಷ್ಟೇ ಇತ್ತು. ಮತ್ತೆ ಮಡಿಚಿ ಗಂಟು ಹಾಕಿಕೊಂಡರು.