ಎಐಗೆ ಐದು ಬೆರಳು ಯಾಕೆ ಬರಲ್ಲ? ಅದನ್ನ ನೋಡಿ ನಮಗೆ ನಗು ಯಾಕೆ ಬರುತ್ತೆ?

[ತೆರೆಯ ಮೇಲೆ: ವೀಕ್ಷಕರ ಕಾಮೆಂಟ್]

ನಮಸ್ಕಾರ. ಕಳೆದ ವಿಡಿಯೋ ಕೆಳಗೆ ಒಬ್ಬರು ಕೇಳಿದ್ದರು: "ಸಾರ್, ಎಐ ಪದ್ಯ ಬರೆಯುತ್ತೆ, ಕೋಡ್ ಬರೆಯುತ್ತೆ. ಚಿತ್ರ ಬಿಡಿಸು ಅಂದರೆ ಕೈಗೆ ಐದು ಬೆರಳು ಮಾತ್ರ ಯಾಕೆ ಬರಲ್ಲ? ಮತ್ತೆ ಅದನ್ನ ನೋಡಿದಾಗ ನಂಗೆ ಇಷ್ಟು ಖುಷಿ ಯಾಕೆ?"

ಮೊದಲನೇ ಪ್ರಶ್ನೆಗೆ ಉತ್ತರ ಸುಮಾರಾಗಿ ಗೊತ್ತಿದೆ. ಎರಡನೇದು ನನ್ನ ತಲೆಯಿಂದ ಹೋಗಲೇ ಇಲ್ಲ. ಅದಕ್ಕೇ ಈ ವಿಡಿಯೋ.

2023ರ ಜನವರಿಗೆ ಹೋಗೋಣ. ಮಿಡ್‌ಜರ್ನಿ ಅನ್ನೋ ಎಐ ಚಿತ್ರ ಮಾಡೋ ಸಾಧನದಲ್ಲಿ ಮಾಡಿದ ಒಂದಷ್ಟು ಪಾರ್ಟಿ ಫೋಟೋಗಳು ಟ್ವಿಟ್ಟರ್‌ನಲ್ಲಿ ಓಡಾಡಿದವು. ರಾತ್ರಿ ಹೊತ್ತು, ಫ್ಲಾಶ್ ಬೆಳಕು, ನಗುತ್ತಿರುವ ಹುಡುಗಿಯರು. ಮೊದಲ ನೋಟಕ್ಕೆ ಯಾರದೋ ಹುಟ್ಟುಹಬ್ಬದ ಆಲ್ಬಮ್. ಆಮೇಲೆ ಒಬ್ಬಳ ಕೈ ನೋಡ್ತೀರ. ಬೆರಳು ಎಣಿಸಿದರೆ ಮುಗಿಯೋದೇ ಇಲ್ಲ. ಇನ್ನೊಬ್ಬಳ ಬಾಯಲ್ಲಿ ಹಲ್ಲು ಕಿವಿಯ ಕಡೆಗೆ ಹೊರಟಿದೆ. ಲಕ್ಷಾಂತರ ಜನ ನೋಡಿದರು, ಎಲ್ಲರೂ ಎಣಿಸಿದರು. ಬೆರಳು ಎಣಿಸೋದು ಇಂಟರ್ನೆಟ್ಟಿನ ಆಟವಾಗಿದ್ದು ಹೆಚ್ಚುಕಡಿಮೆ ಆ ವಾರದಲ್ಲೇ.

ಈ ಚಿತ್ರ ಹೇಗೆ ತಯಾರಾಗುತ್ತೆ ಅನ್ನೋದನ್ನ ಎರಡೇ ಸಾಲಲ್ಲಿ ಹೇಳಿಬಿಡ್ತೀನಿ. ಕೋಟಿಗಟ್ಟಲೆ ಫೋಟೋ ಮತ್ತು ಅವುಗಳ ವಿವರಣೆ ತೋರಿಸಿ ಮಾಡೆಲ್‌ಗೆ ಒಂದೇ ಕೆಲಸ ಕಲಿಸ್ತಾರೆ, ಚಿತ್ರದ ಮೇಲಿನ ಗದ್ದಲ, ಅಂದರೆ ಹಳೇ ಟಿವಿಯಲ್ಲಿ ಸಿಗ್ನಲ್ ಹೋದಾಗ ಕಾಣ್ತಿದ್ದ ಥರದ ಕಾಳುಕಾಳು, ತೆಗೆಯೋದು. ಆಮೇಲೆ ಬರೀ ಗದ್ದಲ ಕೊಟ್ಟು, "ಟೀ ಅಂಗಡಿ ಮುಂದೆ ನಾಲ್ಕು ಗೆಳೆಯರು" ಅಂತ ಹೇಳಿದರೆ, ಅದು ಹಂತಹಂತವಾಗಿ ಗದ್ದಲ ಒರೆಸ್ತಾ ಗೆಳೆಯರನ್ನ ಹೊರಗೆ ತೆಗೆಯುತ್ತೆ. ಅಷ್ಟೇ. ಮುಂದೆ.

ಈಗ ನನಗೆ ಜಾಸ್ತಿ ಇಷ್ಟವಾದ ಭಾಗ. ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

[ತೆರೆಯ ಮೇಲೆ: 64 × 64 ಚುಕ್ಕಿಗಳು]

2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಅನ್ನೋ ಚಿತ್ರ ಬಿಡಿಸೋ ಮಾಡೆಲ್ ಬಿಡುಗಡೆ ಆಯ್ತು. ಅದು ಕೊಡುತ್ತಿದ್ದ ಚಿತ್ರ 512 ಪಿಕ್ಸೆಲ್ ಅಗಲ, 512 ಎತ್ತರ. ಆದರೆ ಒಳಗಡೆ ಅದು ಕೆಲಸ ಮಾಡ್ತಿದ್ದದ್ದು ಆ ಪಿಕ್ಸೆಲ್‌ಗಳ ಮೇಲೆ ಅಲ್ಲ. ಖರ್ಚು ಉಳಿಸೋಕೆ ಚಿತ್ರವನ್ನ 64 × 64ರ ಒಂದು ಚಿಕ್ಕ ನಕ್ಷೆಗೆ ಕುಗ್ಗಿಸ್ತಾರೆ. ಮಾಡೆಲ್ ಕಸರತ್ತೆಲ್ಲ ಆ ನಕ್ಷೆಯಲ್ಲೇ. ಕೊನೆಗೆ ಇನ್ನೊಂದು ಭಾಗ ಅದನ್ನ ಹಿಗ್ಗಿಸಿ ಪೂರ್ತಿ ಚಿತ್ರ ಮಾಡಿಕೊಡುತ್ತೆ.

ಇದನ್ನ ಚುಕ್ಕಿ ರಂಗೋಲಿ ಅಂದುಕೊಳ್ಳಿ. 64 ಸಾಲು, ಸಾಲಿಗೆ 64 ಚುಕ್ಕಿ. ಒಂದೊಂದು ಚುಕ್ಕಿಗೆ ಸೇರಿದ ಜಾಗ ಮೂಲ ಚಿತ್ರದಲ್ಲಿ 8 ಪಿಕ್ಸೆಲ್ ಉದ್ದ, 8 ಅಗಲ.

ಈಗ ಟೀ ಅಂಗಡಿ ಮುಂದಿನ ನಾಲ್ಕು ಗೆಳೆಯರು. ತಲೆಯಿಂದ ಮೊಣಕಾಲಿನವರೆಗೆ ಕಾಣ್ತಿದ್ದಾರೆ. ಒಬ್ಬ ಅಂಗೈ ತೋರಿಸಿ ಟಾಟಾ ಮಾಡ್ತಿದ್ದಾನೆ. ಅವನ ಕೈ ಅಗಲ ಸುಮಾರು 40 ಪಿಕ್ಸೆಲ್ ಇರಬಹುದು. 40ನ್ನ 8ರಿಂದ ಭಾಗಿಸಿ. ಐದು ಚುಕ್ಕಿ.

ಐದು ಬೆರಳಿಗೆ ಐದು ಚುಕ್ಕಿ, ಲೆಕ್ಕ ಸರಿಹೋಯ್ತಲ್ಲ ಅಂತೀರ? ಬೆರಳುಗಳ ಮಧ್ಯೆ ಸಂದು ಇರುತ್ತೆ ಸ್ವಾಮಿ! ಐದು ಬೆರಳು, ನಾಲ್ಕು ಸಂದು, ಒಟ್ಟು ಒಂಬತ್ತು ಪಟ್ಟಿ. ಐದು ಚುಕ್ಕಿಯಲ್ಲಿ ಒಂಬತ್ತು ಪಟ್ಟಿ ಹಾಕಿ ಅಂದರೆ ನಮ್ಮೂರಲ್ಲಿ ಮೂವತ್ತು ವರ್ಷ ರಂಗೋಲಿ ಹಾಕಿದವರೂ ಹಿಟ್ಟಿನ ಡಬ್ಬಿ ಕೆಳಗಿಟ್ಟು ಎದ್ದು ಹೋಗ್ತಾರೆ.

ಒಂದು ಮಾತು ಸರಿಯಾಗಿ ಹೇಳಿಬಿಡ್ತೀನಿ, ಇಲ್ಲಾಂದ್ರೆ ಕಾಮೆಂಟಲ್ಲಿ ಹಿಡ್ಕೋತೀರ. ಪ್ರತಿ ಚುಕ್ಕಿ ಬರೀ ಬಿಳಿ ಬೊಟ್ಟಲ್ಲ, ಅದರಲ್ಲಿ ನಾಲ್ಕು ಸಂಖ್ಯೆ ಇರುತ್ತೆ. ಆ ಚುಕ್ಕಿಯ ಒಳಗೆ ಅಂಚು ಇದೆಯಾ, ಯಾವ ಬಣ್ಣ ಅನ್ನೋದು ಸ್ವಲ್ಪ ಮಟ್ಟಿಗೆ ಅದರಲ್ಲೇ ಅಡಗಿರುತ್ತೆ. ಆದರೂ ಇಕ್ಕಟ್ಟು ಇಕ್ಕಟ್ಟೇ. 512 × 512ರ ಬಣ್ಣದ ಚಿತ್ರದಲ್ಲಿ 7,86,432 ಸಂಖ್ಯೆ ಇರುತ್ತೆ. ಕುಗ್ಗಿಸಿದ ನಕ್ಷೆಯಲ್ಲಿ 16,384. ಅಂದರೆ 48 ಪಟ್ಟು ಕಡಿಮೆ.

ಇದನ್ನ ಮನೆಯಲ್ಲೇ ಪರೀಕ್ಷೆ ಮಾಡಬಹುದು. ನಿಜವಾದ ಒಂದು ಗುಂಪು ಫೋಟೋ ತಗೊಳ್ಳಿ. ಮಾಡೆಲ್‌ಗೆ ಏನೂ ಬಿಡಿಸೋಕೆ ಹೇಳಬೇಡಿ. ಸುಮ್ನೆ ಕುಗ್ಗಿಸಿ, ವಾಪಸ್ ಹಿಗ್ಗಿಸಿ. ಮುಂದೆ ನಿಂತವರ ಮುಖ ಚೆನ್ನಾಗೇ ಇರುತ್ತೆ. ಹಿಂದಿನ ಸಾಲಿನವರ ಕಣ್ಣು, ಮೂಗು ಕರಗಿ ಸೊಟ್ಟಗಾಗಿರುತ್ತೆ, ಬೆರಳು ಅಂಟಿಕೊಂಡಿರುತ್ತೆ. ಅವರೆಲ್ಲ ನಿಜವಾದ ಮನುಷ್ಯರು, ಎಐ ಅಲ್ಲಿ ಏನನ್ನೂ ಕಲ್ಪನೆ ಮಾಡಿಲ್ಲ. ಎಐ ಚಿತ್ರದ ಹಿನ್ನೆಲೆಯಲ್ಲಿ ನಿಂತ ಜನ ದೆವ್ವಗಳ ಹಾಗೆ ಕಾಣೋಕೆ ಇದೊಂದು ದೊಡ್ಡ ಕಾರಣ.

ಹಾಗಾದರೆ ಕೈಯನ್ನೇ ದೊಡ್ಡದಾಗಿ ಬಿಡಿಸಿದರೆ? ಸುಧಾರಿಸುತ್ತೆ. ಅದಕ್ಕೇ ಬಳಕೆದಾರರು ADetailer ತರಹದ ಎಕ್ಸ್‌ಟೆನ್ಶನ್ ಹಾಕ್ಕೊಂಡರು. ಅದು ಚಿತ್ರದಲ್ಲಿ ಮುಖ ಅಥವಾ ಕೈ ಎಲ್ಲಿದೆ ಅಂತ ಹುಡುಕಿ, ಅಷ್ಟನ್ನೇ ಕತ್ತರಿಸಿ, ದೊಡ್ಡದು ಮಾಡಿ, ಮತ್ತೆ ಬಿಡಿಸಿ, ಹಳೇ ಜಾಗದಲ್ಲಿ ಅಂಟಿಸುತ್ತೆ. ಈಗ ಆ ಕೈಗೆ ಐದರ ಬದಲು ಹತ್ತಾರು ಚುಕ್ಕಿ. ಆದರೂ ಕೆಲವೊಮ್ಮೆ ಆರನೇ ಬೆರಳು ಬಂದೇ ಬರುತ್ತೆ, ಈ ಸಲ ಉಗುರು ಸಮೇತ, ಎಚ್‌ಡಿಯಲ್ಲಿ!

ಯಾಕಂದ್ರೆ ಕಾರಣ ಇನ್ನೊಂದಿದೆ. ಫೋಟೋಗಳಲ್ಲಿ ಕೈಗೆ ಐದು ಬೆರಳು ಇರೋದೇ ಅಪರೂಪ. ಟೀ ಲೋಟ ಹಿಡಿದ ಕೈಯಲ್ಲಿ ಮೂರೋ ನಾಲ್ಕೋ ಕಾಣುತ್ತೆ. ಜೇಬಲ್ಲಿಟ್ಟ ಕೈಯಲ್ಲಿ ಹೆಬ್ಬೆರಳು ಮಾತ್ರ. ಎರಡು ಕೈ ಬೆಸೆದು ಕೂತವರ ಮಡಿಲಲ್ಲಿ ಒಂದೇ ಗಂಟಿನೊಳಗೆ ಎಂಟು ಬೆರಳು. ವಿವರಣೆಯಲ್ಲಿ "ಇವರಿಗೆ ಐದು ಬೆರಳಿದೆ" ಅಂತ ಯಾರೂ ಬರೆಯಲ್ಲ. ಕೈಯ ಹತ್ತಿರ ಬೆರಳಿನಂಥದ್ದು ಇರುತ್ತೆ, ಬೆರಳಿನ ಪಕ್ಕ ಇನ್ನೊಂದು ಬೆರಳು ಇರುತ್ತೆ ಅನ್ನೋದಷ್ಟೇ ಮಾಡೆಲ್ ಕಲಿಯೋದು. ನಿಲ್ಲಿಸೋದು ಯಾವಾಗ ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಮುಖದ ಕಥೆ ಬೇರೆ. ಎಲ್ಲರೂ ಕ್ಯಾಮೆರಾ ಕಡೆಗೇ ನೋಡ್ತಾರೆ. ಎರಡು ಕಣ್ಣು, ಒಂದು ಮೂಗು, ಪ್ರತಿ ಸಲ ಅದೇ ಜಾಗದಲ್ಲಿ.

ಆ ಕಾಲದ ಜನ ಏನು ಮಾಡ್ತಿದ್ದರು ಗೊತ್ತಾ? ಬೇಡವಾದದ್ದನ್ನ ಬರೆಯೋ ಜಾಗದಲ್ಲಿ ಇದನ್ನ ಹಾಕ್ತಿದ್ದರು:

```
extra fingers, fused fingers, missing fingers, mutated hands
```

ಒಬ್ಬರು ಹಾಕಿದ್ದನ್ನ ಇನ್ನೊಬ್ಬರು ನಕಲು ಮಾಡಿ, ಇನ್ನೆರಡು ಪದ ಸೇರಿಸಿ, ಕೊನೆಗೆ ಇದು ಉದ್ದುದ್ದ ಮಂತ್ರವೇ ಆಯ್ತು. ಆದರೆ ಯೋಚಿಸಿ. ತರಬೇತಿ ಫೋಟೋಗಳಿಗೆ "ಬೆರಳು ಜಾಸ್ತಿ ಇದೆ" ಅಂತ ವಿವರಣೆ ಬರೆದವರು ಎಷ್ಟು ಜನ ಇರ್ತಾರೆ? ಅದು ಕಲಿಯದೇ ಇರೋದನ್ನ ಬೇಡ ಅಂದರೆ ಹೇಗೆ ಕೇಳುತ್ತೆ?

ಆಮೇಲೆ ಸುಧಾರಣೆ ಬಂತು. 2023ರ ಜುಲೈನಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್‌ನ ದೊಡ್ಡ ಆವೃತ್ತಿ ಎಸ್‌ಡಿಎಕ್ಸ್‌ಎಲ್‌ನಲ್ಲಿ ನಕ್ಷೆ 128 × 128 ಆಯ್ತು. 2024ರ ಕೆಲವು ಮಾಡೆಲ್‌ಗಳಲ್ಲಿ ಪ್ರತಿ ಚುಕ್ಕಿಗೆ ನಾಲ್ಕರ ಬದಲು ಹದಿನಾರು ಸಂಖ್ಯೆ. ಇನ್ನು ನಗೋಕೆ ಏನೂ ಉಳಿಯಲ್ಲ ಅಂದುಕೊಂಡಾಗ, 2024ರ ಜೂನ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ 3 ಮೀಡಿಯಂ ಬಂತು. ಯಾರೋ "ಹುಲ್ಲಿನ ಮೇಲೆ ಮಲಗಿರುವ ಮಹಿಳೆ" ಅಂತ ಟೈಪ್ ಮಾಡಿದರು. ಬಂದ ಚಿತ್ರದಲ್ಲಿ ಹುಲ್ಲು ಅದ್ಭುತವಾಗಿತ್ತು! ಮಹಿಳೆಯ ಮಂಡಿ ಎಲ್ಲಿ, ಭುಜ ಎಲ್ಲಿ ಅಂತ ಮಾತ್ರ ಗೊತ್ತಾಗ್ತಿರಲಿಲ್ಲ. ನಗ್ನ ಚಿತ್ರಗಳನ್ನೆಲ್ಲ ತರಬೇತಿಯಿಂದ ಸೋಸಿ ತೆಗೆದಿದ್ದಕ್ಕೇ ಮಾಡೆಲ್‌ಗೆ ಮೈಕಟ್ಟು ಮರೆತುಹೋಗಿದೆ ಅಂತ ಬಳಕೆದಾರರು ದೂರಿದರು. ವಾರಗಟ್ಟಲೆ ಹುಲ್ಲಿನ ಜೋಕೇ ಜೋಕು.

ಸರಿ, ಈಗ ಎರಡನೇ ಪ್ರಶ್ನೆ. ನಗು ಯಾಕೆ?

ಜಪಾನಿನ ರೋಬೋಟ್ ತಜ್ಞ ಮಸಾಹಿರೋ ಮೋರಿ 1970ರಲ್ಲಿ ಒಂದು ಲೇಖನ ಬರೆದರು. "ಅನ್‌ಕ್ಯಾನಿ ವ್ಯಾಲಿ" ಅನ್ನೋ ಹೆಸರು ಬಂದಿದ್ದು ಅಲ್ಲಿಂದ. ಗೊಂಬೆ ಮನುಷ್ಯನನ್ನ ಹೋಲುತ್ತಾ ಹೋದಂತೆ ನಮಗೆ ಇಷ್ಟವಾಗುತ್ತಾ ಹೋಗುತ್ತೆ. ಹೆಚ್ಚುಕಡಿಮೆ ಮನುಷ್ಯನೇ ಅನ್ನೋ ಹಂತಕ್ಕೆ ಬಂದಾಗ ಮಾತ್ರ ಥಟ್ಟನೆ ಮೈ ಜುಮ್ ಅನ್ನುತ್ತೆ. ಇದಕ್ಕೆ ಎಲ್ಲರೂ ಮುಖದ ಉದಾಹರಣೆ ಕೊಡ್ತಾರೆ. ಆದರೆ ಮೋರಿ ಅವರ ಲೇಖನದಲ್ಲಿ ಮುಖ್ಯವಾಗಿ ಬರೋದು ಕೈ! ಕೃತಕ ಕೈ. ನರ, ಉಗುರು, ಬೆರಳಚ್ಚು ಎಲ್ಲ ಇರೋದರಿಂದ ನೋಡಿದರೆ ನಿಜವಾದದ್ದೇ. ಕೈಕುಲುಕಿದರೆ ತಣ್ಣಗೆ, ಒಳಗೆ ಮೂಳೆಯೇ ಇಲ್ಲದ ಹಾಗೆ. ಆ ಕ್ಷಣದಲ್ಲೇ ಆ ಕೈ ಭಯ ಹುಟ್ಟಿಸುತ್ತೆ ಅಂತಾರೆ ಅವರು.

ಹಾಗಾದರೆ ನಾವು ಪಾರ್ಟಿ ಫೋಟೋ ನೋಡಿ ಹೆದರಬೇಕಿತ್ತು, ಅಲ್ವಾ? ನಕ್ಕಿದ್ಯಾಕೆ? ಪೀಟರ್ ಮ್ಯಾಕ್‌ಗ್ರಾ ಮತ್ತು ಕೇಲಬ್ ವಾರನ್ ಅನ್ನೋ ಇಬ್ಬರು ಸಂಶೋಧಕರು 2010ರಲ್ಲಿ ಕೊಟ್ಟ ವಿವರಣೆ ಇಲ್ಲಿಗೆ ಚೆನ್ನಾಗಿ ಹೊಂದುತ್ತೆ. ಏನೋ ಒಂದು ತಪ್ಪಾಗಿದೆ, ಆದರೆ ಅದರಿಂದ ಯಾರಿಗೂ ಅಪಾಯವಿಲ್ಲ. ಈ ಎರಡೂ ಒಟ್ಟಿಗೆ ತಲೆಗೆ ಹೊಳೆದಾಗ ನಗು ಬರುತ್ತೆ. ಏಳು ಬೆರಳಿನ ಹುಡುಗಿ ಇಲ್ಲವೇ ಇಲ್ಲ. ಅವಳಿಗೆ ನೋವಿಲ್ಲ, ಅವಮಾನವಿಲ್ಲ. ಇಷ್ಟು ಬಿಟ್ಟಿಯಾಗಿ ಯಾರನ್ನಾದರೂ ಆಡಿಕೊಳ್ಳೋ ಅವಕಾಶ ಎಲ್ಲಿ ಸಿಗುತ್ತೆ?

ಇದಕ್ಕೆ ನನ್ನದೂ ಒಂದು ಸೇರಿಸ್ತೀನಿ. ಬೆರಳೆಣಿಕೆ ಯಾರು ಬೇಕಾದರೂ ಪಾಸಾಗೋ ಪರೀಕ್ಷೆ. ಬೆಳಕು, ನೆರಳು, ಲೆನ್ಸು, ಏನೂ ಗೊತ್ತಿರಬೇಕಾಗಿಲ್ಲ. ಐದರ ತನಕ ಎಣಿಸೋಕೆ ಬಂದರೆ ಸಾಕು, ಕೋಟಿಗಟ್ಟಲೆ ಡಾಲರ್ ಸುರಿದ ಮಷೀನನ್ನ ಎರಡು ಸೆಕೆಂಡಲ್ಲಿ ಹಿಡಿದುಹಾಕಿದ ಖುಷಿ. ಅದೂ ಉತ್ತರ ಖಚಿತ, ವಾದವೇ ಇಲ್ಲ. ಹಾಗಂತ ಹೃತಿಕ್ ರೋಷನ್ ಅವರ ಬಲಗೈ ಫೋಟೋ ಯಾರಿಗಾದರೂ ತೋರಿಸಿ ನೋಡಿ. ಎರಡು ಹೆಬ್ಬೆರಳು, ಅಪ್ಪಟ ಅಸಲಿ.

ಎಡಿಟರ್ ಗಡಿಯಾರ ತೋರಿಸ್ತಿದ್ದಾನೆ. ಉಳಿದದ್ದನ್ನ ಬೇಗ ಹೇಳ್ತೀನಿ.

2023ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಬಿಳಿ ಪಫರ್ ಜಾಕೆಟ್ ಹಾಕಿದ ಚಿತ್ರ ಬಂತಲ್ಲ, ಅದರಲ್ಲೂ ಬೆರಳು ಕೈಯಲ್ಲಿದ್ದ ವಸ್ತುವನ್ನ ಸರಿಯಾಗಿ ಹಿಡಿದಿರಲಿಲ್ಲ. ಶಿಲುಬೆಯ ಸರ ಒಂದೇ ಕಡೆ ಇತ್ತು. ಆದರೂ ತುಂಬಾ ಜನ ನಂಬಿದರು. ಜಾಕೆಟ್ ಅಷ್ಟು ಚೆನ್ನಾಗಿತ್ತು, ಕೈ ಯಾರು ನೋಡ್ತಾರೆ? ಅಂದರೆ ಅನುಮಾನ ಮೊದಲೇ ಇದ್ದಾಗ ಮಾತ್ರ ನಾವು ಬೆರಳು ಎಣಿಸ್ತೀವಿ.

ಮುಖದ ವಿಷಯದಲ್ಲಿ ನಾವು ಇನ್ನೂ ದಡ್ಡರು. 2023ರಲ್ಲೇ ಬಂದ ಒಂದು ಅಧ್ಯಯನದಲ್ಲಿ, ಎಐ ಮಾಡಿದ ಬಿಳಿಯರ ಮುಖಗಳನ್ನ ಜನ ನಿಜವಾದ ಮುಖಗಳಿಗಿಂತ ಹೆಚ್ಚು ಬಾರಿ "ನಿಜ" ಅಂದರು. ಹೆಚ್ಚು ತಪ್ಪು ಮಾಡಿದವರಿಗೇ ಹೆಚ್ಚು ಧೈರ್ಯ, "ನಂಗೆ ಗೊತ್ತಾಗುತ್ತೆ" ಅಂತ!

ಪರೀಕ್ಷೆ ಕಷ್ಟವಾಗ್ತಿದೆ, ಹಿಡಿಯೋ ಚಟ ಮಾತ್ರ ಹಾಗೇ ಇದೆ. ಬೆನ್ ಮೊರಾನ್ ಅನ್ನೋ ಹೆಸರಲ್ಲಿ ಚಿತ್ರ ಬರೆಯೋ ವಿಯೆಟ್ನಾಂನ ಕಲಾವಿದರೊಬ್ಬರು 2022ರ ಕೊನೆಯಲ್ಲಿ ತಮ್ಮ ಚಿತ್ರವನ್ನ ರೆಡ್ಡಿಟ್‌ನ ಕಲಾ ಗುಂಪಿನಲ್ಲಿ ಹಾಕಿದರು. ಅಲ್ಲಿನ ಮಾಡರೇಟರ್ ಇದು ಎಐ ಅಂತ ಅವರನ್ನ ಬ್ಯಾನ್ ಮಾಡಿದರು. ಕಲಾವಿದರು ತಮ್ಮ ಕೆಲಸದ ಫೈಲ್ ತೋರಿಸ್ತೀನಿ ಅಂದರು. ಬಂದ ಉತ್ತರದ ಸಾರ ಇಷ್ಟು: ನೀವೇ ಬರೆದಿದ್ದರೂ ಅದು ಎಐ ಥರ ಕಾಣುತ್ತೆ, ಬೇರೆ ಶೈಲಿ ಹುಡುಕಿಕೊಳ್ಳಿ.

ನಿಮ್ಮ ನಿಜವಾದ ಫೋಟೋವನ್ನ ಯಾರಾದರೂ ಎಐ ಅಂದಿದ್ದಾರಾ? ಕಾಮೆಂಟಲ್ಲಿ ಬರೀರಿ. ಫೋಟೋನೂ ಹಾಕಿದರೆ ಒಳ್ಳೇದು. ಎಣಿಸಲ್ಲ, ಪ್ರಾಮಿಸ್.