ಶಾಲೆಯ ಅಂಗಳಕ್ಕೆ ಬಂದು ಸೇರುವ ಬೆಲೆ

ಕೇಳುಗರಿಗೆ ನಮಸ್ಕಾರ.

ಶಾಲೆಗಳಿಗೆ ಬೆಂಚು, ಡೆಸ್ಕು ಕೊಳ್ಳುವಾಗ ಆಡಳಿತ ಮಂಡಳಿಯವರು ಮೂರು ಕಡೆಯಿಂದ ದರಪಟ್ಟಿ ತರಿಸುತ್ತಾರೆ. ಮೂರನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ತುಲನಾತ್ಮಕ ಪಟ್ಟಿ ಮಾಡುತ್ತಾರೆ. ಆ ಹಾಳೆಯ ಮೊದಲ ಕಲಂನಲ್ಲಿ ಒಂದು ಜೊತೆಯ ದರ ಇರುತ್ತದೆ. ಹೆಚ್ಚಿನವರ ಕಣ್ಣು ಅಲ್ಲಿಯೇ ನಿಲ್ಲುತ್ತದೆ, ಸಭೆಯ ತೀರ್ಮಾನವೂ ಅಲ್ಲಿಯೇ ಆಗಿಬಿಡುತ್ತದೆ. ದಾನಿಗಳು ಕೊಟ್ಟ ಹಣ ಹಾಗೆ ಸೋರಿಹೋಗಬಾರದು ಎಂಬ ಕಾಳಜಿಯಿಂದ ಇಂದು ಈ ಹಾಳೆಯ ಬಗ್ಗೆ ಮಾತನಾಡುತ್ತೇನೆ. ಸಾಧ್ಯವಿದ್ದರೆ ಒಂದು ಪೆನ್ಸಿಲ್, ಒಂದು ಕಾಗದ ಹತ್ತಿರ ಇಟ್ಟುಕೊಳ್ಳಿ.

ಉಡುಪಿಯ ಒಂದು ಶಾಲೆಗೆ ಕಬ್ಬಿಣದ ಚೌಕಟ್ಟಿನ 60 ಜೊತೆ ಬೆಂಚು-ಡೆಸ್ಕು ಬೇಕು ಎಂದು ಇಟ್ಟುಕೊಳ್ಳೋಣ. ಮೊದಲ ದರಪಟ್ಟಿ ಉಡುಪಿಯದೇ ಫ್ಯಾಬ್ರಿಕೇಶನ್ ಅಂಗಡಿಯದು. ಒಂದು ಜೊತೆಗೆ 5,200 ರೂಪಾಯಿ. ತೆರಿಗೆ ಇಲ್ಲ, ತರಗತಿಯೊಳಗೆ ಇಟ್ಟು ಕೊಡುವುದೂ ಅದರಲ್ಲೇ ಸೇರಿದೆ. ಎರಡನೆಯದು ಬೆಂಗಳೂರಿನದು. ಜೊತೆಗೆ 4,200, ಜಿಎಸ್‌ಟಿ ಪ್ರತ್ಯೇಕ, ಲಾರಿ ಬಾಡಿಗೆ 18,000 ಪ್ರತ್ಯೇಕ. ಮೂರನೆಯದು ಕೊಯಮತ್ತೂರಿನದು. ಜೊತೆಗೆ 4,450, ಶಾಲೆಯ ಬಾಗಿಲಿನವರೆಗಿನ ಸಾಗಣೆ ಸೇರಿದೆ, ಜಿಎಸ್‌ಟಿ ಪ್ರತ್ಯೇಕ. ಹೊರಗಿನಿಂದ ಬರುವ ಈ ಎರಡರಲ್ಲಿಯೂ ಲಾರಿಯಿಂದ ಇಳಿಸಿ ಮೇಲಿನ ಮಹಡಿಗೆ ಹೊತ್ತು ಹಾಕುವ ಕೂಲಿ ಶಾಲೆಯದೇ. ಅದು 3,000 ರೂಪಾಯಿ ಎನ್ನೋಣ.

ಮೊದಲ ನೋಟಕ್ಕೆ ಬೆಂಗಳೂರು ಅಗ್ಗ, ಉಡುಪಿ ದುಬಾರಿ. ಒಂದು ಜೊತೆಯ ದರದಲ್ಲಿ ಒಂದು ಸಾವಿರ ರೂಪಾಯಿಯ ಅಂತರ. ಊರಿನವನೇ ಹೆಚ್ಚು ಕೇಳುತ್ತಿದ್ದಾನೆ ಎಂಬ ಅಸಮಾಧಾನ ಸಭೆಯಲ್ಲಿ ಹುಟ್ಟುವುದು ಇಲ್ಲಿಯೇ.

ಈಗ ಲೆಕ್ಕ ಹಾಕೋಣ. ಬೆಂಗಳೂರಿನ ಸರಕಿನ ಬೆಲೆ 2,52,000. ಹಲವರು ಇದರ ಮೇಲೆ ಮಾತ್ರ ತೆರಿಗೆ ಹಾಕಿ, ಲಾರಿ ಬಾಡಿಗೆಯನ್ನು ಕೊನೆಯಲ್ಲಿ ಹಾಗೆಯೇ ಕೂಡಿಸುತ್ತಾರೆ. ಅದು ತಪ್ಪು. ಸರಕು ಮಾರುವವನೇ ತನ್ನ ಬಿಲ್ಲಿನಲ್ಲಿ ಸಾಗಣೆಯ ಹಣವನ್ನೂ ಸೇರಿಸಿ ಪಡೆದರೆ, ಆ ಬಾಡಿಗೆಯೂ ಸರಕಿನ ಮೌಲ್ಯದ ಭಾಗವೇ ಆಗುತ್ತದೆ. ಸರಕಿಗೆ ಎಷ್ಟು ತೆರಿಗೆಯೋ ಬಾಡಿಗೆಗೂ ಅಷ್ಟೇ. ಕಬ್ಬಿಣದ ಪೀಠೋಪಕರಣಕ್ಕೆ ಶೇಕಡಾ 18. ಆದ್ದರಿಂದ ಮೊದಲು ಬಾಡಿಗೆಯನ್ನು ಕೂಡಿಸಬೇಕು, 2,70,000 ಆಗುತ್ತದೆ. ಆಮೇಲೆ ತೆರಿಗೆ, 48,600. ಇಳಿಸುವ ಕೂಲಿಯೂ ಸೇರಿದರೆ ಒಟ್ಟು 3,21,600. ಬಾಡಿಗೆಯ ಮೇಲಿನ ತೆರಿಗೆಯನ್ನು ಬಿಟ್ಟಿದ್ದರೆ 3,240 ರೂಪಾಯಿ ಕಡಿಮೆ ಕಾಣುತ್ತಿತ್ತು, ಬಿಲ್ಲು ಬಂದ ದಿನ ಖಜಾಂಚಿ ಅದಕ್ಕೆ ಉತ್ತರ ಹೇಳಬೇಕಾಗುತ್ತಿತ್ತು.

ಕೊಯಮತ್ತೂರಿನದು 2,67,000. ಹೊರರಾಜ್ಯದ ಸರಕಾದ್ದರಿಂದ ಐಜಿಎಸ್‌ಟಿ ಎಂದು ಬರೆದಿರುತ್ತಾರೆ. ರಾಜ್ಯದೊಳಗೆ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9 ಎಂದು ಎರಡು ಸಾಲಿನಲ್ಲಿ ಬರುವುದೇ ಹೊರಗಿನಿಂದ ಬಂದಾಗ 18 ಎಂದು ಒಂದೇ ಸಾಲಿನಲ್ಲಿ ಬರುತ್ತದೆ. ಹೊರರಾಜ್ಯ ಎಂಬ ಕಾರಣಕ್ಕೆ ತೆರಿಗೆ ಹೆಚ್ಚಾಗುವುದಿಲ್ಲ. ತೆರಿಗೆ 48,060, ಕೂಲಿ 3,000, ಒಟ್ಟು 3,18,060.

ಉಡುಪಿಯವರದು 5,200ನ್ನು 60ರಿಂದ ಗುಣಿಸಿದರೆ 3,12,000. ಅದಕ್ಕೆ ಸೇರಿಸಲು ಇನ್ನೇನೂ ಇಲ್ಲ. ಮೊದಲ ಕಲಂನಲ್ಲಿ ಎಲ್ಲಕ್ಕಿಂತ ದುಬಾರಿಯಾಗಿದ್ದವರು ಕೊನೆಯ ಕಲಂನಲ್ಲಿ ಎಲ್ಲಕ್ಕಿಂತ ಕಡಿಮೆ; ಅಗ್ಗವಾಗಿದ್ದವರು ಎಲ್ಲಕ್ಕಿಂತ ಹೆಚ್ಚು.

ಉಡುಪಿಯವರಿಗೆ ತೆರಿಗೆ ಏಕಿಲ್ಲ ಎಂದು ನೀವು ಕೇಳಬಹುದು, ಕೇಳಲೇಬೇಕು. ಸಣ್ಣ ತಯಾರಕರು ಜಿಎಸ್‌ಟಿಯ ಕಾಂಪೋಸಿಷನ್ ಯೋಜನೆಯಲ್ಲಿ ಇರಬಹುದು. ಅವರು ತಮ್ಮ ವಹಿವಾಟಿನ ಮೇಲೆ ಸಣ್ಣ ಪ್ರಮಾಣದ ತೆರಿಗೆಯನ್ನು ತಾವೇ ಕಟ್ಟುತ್ತಾರೆ, ಗಿರಾಕಿಯಿಂದ ತೆರಿಗೆ ಪಡೆಯುವಂತಿಲ್ಲ. ಆದರೆ ಕಬ್ಬಿಣದ ಪೈಪು, ಪ್ಲೈವುಡ್ ಕೊಳ್ಳುವಾಗ ಕೊಟ್ಟ ತೆರಿಗೆ ಅವರಿಗೆ ಹಿಂದಿರುಗುವುದಿಲ್ಲ. ಆ ಹೊರೆಯೆಲ್ಲ 5,200ರ ಒಳಗೇ ಅಡಗಿದೆ. ದರ ಹೆಚ್ಚಾಗಿ ಕಂಡಿದ್ದಕ್ಕೆ ಅದೂ ಒಂದು ಕಾರಣ. ಅವರು ನಿಜವಾಗಿ ಆ ಯೋಜನೆಯಲ್ಲಿದ್ದಾರೆಯೇ ಎಂದು ತಿಳಿಯುವುದು ಸುಲಭ. ದರಪಟ್ಟಿಯಲ್ಲಿರುವ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿ ನೋಡಿದರೆ ನೋಂದಣಿ ಯಾವ ಬಗೆಯದು, ಚಾಲ್ತಿಯಲ್ಲಿದೆಯೇ, ರದ್ದಾಗಿದೆಯೇ ಎಲ್ಲವೂ ಕಾಣುತ್ತದೆ. ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ಕಾಂಪೋಸಿಷನ್‌ನವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಹಾಗಾಗಿ ಕೊಯಮತ್ತೂರಿನಿಂದ 'ತೆರಿಗೆ ಇಲ್ಲ' ಎಂಬ ದರಪಟ್ಟಿ ಬಂದಿದ್ದರೆ ಅಲ್ಲಿಯೇ ಎಚ್ಚರವಾಗಬೇಕಿತ್ತು.

ಇಷ್ಟೆಲ್ಲ ಆದ ಮೇಲೂ ಒಂದು ಮಾತು ಉಳಿಯುತ್ತದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಇದೇ ಮೂರು ದರಪಟ್ಟಿಗಳನ್ನು, ಇದೇ ಅಂಕಿಗಳೊಂದಿಗೆ, ಮಂಗಳೂರಿನ ಒಂದು ಖಾಸಗಿ ಕೋಚಿಂಗ್ ಕೇಂದ್ರ ತರಿಸಿಕೊಂಡಿದೆ ಎನ್ನಿ. ಶಾಲೆಯ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ, ಆದ್ದರಿಂದ ಶಾಲೆ ಕೊಟ್ಟ ತೆರಿಗೆ ಕೊಟ್ಟಂತೆಯೇ ಹೋಯಿತು. ಕೋಚಿಂಗ್ ಶುಲ್ಕಕ್ಕೆ ಜಿಎಸ್‌ಟಿ ಇದೆ. ನೋಂದಾಯಿತ ಕೋಚಿಂಗ್ ಕೇಂದ್ರ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಡೆಸ್ಕಿಗೆ ಕೊಟ್ಟ ತೆರಿಗೆಯನ್ನು ವಜಾ ಮಾಡಿಕೊಳ್ಳಬಹುದು. ಅವರ ಪಾಲಿಗೆ ಆ 48 ಸಾವಿರ ವೆಚ್ಚವೇ ಅಲ್ಲ. ಅವರ ಲೆಕ್ಕದಲ್ಲಿ ಕೊಯಮತ್ತೂರು 2,70,000, ಬೆಂಗಳೂರು 2,73,000, ಊರಿನ ಅಂಗಡಿ ಅದೇ 3,12,000. ಶಾಲೆಗೆ ಅಗ್ಗವಾಗಿದ್ದದ್ದು ಇವರಿಗೆ ಎಲ್ಲಕ್ಕಿಂತ ದುಬಾರಿ. ಹಾಗಾಗಿ ಪಕ್ಕದ ಸಂಸ್ಥೆಯವರು ಯಾರಿಂದ ಕೊಂಡರು ಎಂದು ಕೇಳಿ ತೀರ್ಮಾನಿಸುವುದು ಸರಿಯಲ್ಲ.

ಜಿಎಸ್‌ಟಿ ನೋಂದಣಿ ಇದ್ದ ಮಾತ್ರಕ್ಕೆ ತೆರಿಗೆ ಹಿಂದಿರುಗುತ್ತದೆ ಎಂದೂ ಭಾವಿಸಬೇಡಿ. ಊಟ-ತಿಂಡಿಗೆ ಶೇಕಡಾ 5 ತೆರಿಗೆ ಪಡೆಯುವ ನಮ್ಮ ಉಡುಪಿಯ ಹೋಟೆಲುಗಳಿಗೆ, ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಹೀಗೆ ವಜಾ ಮಾಡಿಕೊಳ್ಳುವ ಜಮೆ ಸಿಗುವುದಿಲ್ಲ. ಅವರು ಕುರ್ಚಿ-ಮೇಜು ಕೊಂಡರೆ ಶಾಲೆಯಂತೆಯೇ ತೆರಿಗೆ ಸೇರಿಸಿ ಹೋಲಿಸಬೇಕು. ಜಮೆಗೆ ಅರ್ಹರಾದವರಿಗೂ ಮಾರಿದವರು ತಮ್ಮ ರಿಟರ್ನ್‌ನಲ್ಲಿ ಆ ಬಿಲ್ಲನ್ನು ತೋರಿಸಿದರೆ ಮಾತ್ರ ಅದು ದಕ್ಕುತ್ತದೆ.

ದರ ಕೇಳುವ ಪತ್ರದಲ್ಲಿಯೇ ಒಂದು ವಾಕ್ಯ ಬರೆದರೆ ಅರ್ಧ ಕೆಲಸ ಮುಗಿಯುತ್ತದೆ: 'ಶಾಲೆಯ ಕಟ್ಟಡದೊಳಗೆ ಇಟ್ಟು ಕೊಡುವವರೆಗಿನ ದರ, ಸಾಗಣೆ, ಇಳಿಸುವಿಕೆ ಮತ್ತು ತೆರಿಗೆಯನ್ನು ಬೇರೆ ಬೇರೆ ತೋರಿಸಿ, ಒಟ್ಟು ಮೊತ್ತ ಬರೆಯಿರಿ.' 'ಎಫ್‌ಒಆರ್ ಉಡುಪಿ' ಎಂದಷ್ಟೇ, ಅಂದರೆ ಉಡುಪಿಯವರೆಗಿನ ಸಾಗಣೆ ಸೇರಿದೆ ಎಂದಷ್ಟೇ ಬರೆದಿದ್ದರೆ ಶಾಲೆಯ ಬಾಗಿಲಿಗೋ, ಟ್ರಾನ್ಸ್‌ಪೋರ್ಟ್ ಕಚೇರಿಯ ಗೋದಾಮಿಗೋ ಎಂದು ಬರವಣಿಗೆಯಲ್ಲಿ ಕೇಳಿ. ಗೋದಾಮಿನವರೆಗೆ ಮಾತ್ರವಾದರೆ ಅಲ್ಲಿಂದ ಟೆಂಪೊ ಬಾಡಿಗೆ ನಿಮ್ಮ ತಲೆಗೆ. 'ಸಾಗಣೆ ಪ್ರತ್ಯೇಕ' ಎಂದು ಹೇಳಿ ಮೊತ್ತ ಬರೆಯದವರಿದ್ದರೆ ನೀವೇ ಅಂದಾಜು ತುಂಬಬೇಡಿ. ಅವರಿಂದಲೇ ಅಂಕಿ ಪಡೆಯಿರಿ, ಅದು ಬರುವವರೆಗೆ ಆ ಕಲಂ ಖಾಲಿ ಇರಲಿ. ಸ್ಪಷ್ಟನೆ ಕೇಳುವ ನೆಪದಲ್ಲಿ ಒಬ್ಬರಿಗೆ ಮಾತ್ರ ದರ ಇಳಿಸಲು ಅವಕಾಶ ಕೊಟ್ಟರೆ ಉಳಿದಿಬ್ಬರಿಗೆ ಅನ್ಯಾಯವಾಗುತ್ತದೆ.

ಸರಕು ಬಂದ ದಿನ ತುಲನಾತ್ಮಕ ಪಟ್ಟಿಯನ್ನು ಬಿಲ್ಲಿನ ಪಕ್ಕದಲ್ಲಿಟ್ಟುಕೊಂಡು ಓದಿ. ಕಾಂಪೋಸಿಷನ್ ಅಂಗಡಿಯವರು ಕೊಡಬೇಕಾದದ್ದು ತೆರಿಗೆಯ ಸಾಲಿಲ್ಲದ ಬಿಲ್ ಆಫ್ ಸಪ್ಲೈ. ಅದರಲ್ಲಿ ಪ್ರತ್ಯೇಕವಾಗಿ ಜಿಎಸ್‌ಟಿ ಕಂಡರೆ ಹಣ ಕೊಡುವುದನ್ನು ನಿಲ್ಲಿಸಿ ವಿವರಣೆ ಕೇಳಿ. ನಮಸ್ಕಾರ.