ಸತ್ತ ನರಕೋಶ ಮತ್ತೆ ಹುಟ್ಟಲ್ಲ, ಸ್ವಾಮಿ

ನಮಸ್ಕಾರ. ಹೋದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಪೋಲಿಯೋ ಬಂದ ಎಷ್ಟೋ ಮಕ್ಕಳು ಆಮೇಲೆ ಎದ್ದು ಓಡಾಡಿದ್ದಾರೆ. ವಾಸಿಯಾಗೋ ಕಾಯಿಲೆಗೆ ಲಸಿಕೆ ಯಾಕೆ?" ಓದಿ ಮೈ ಉರಿದುಹೋಯ್ತು. ವಾಸಿಯಾಗಲ್ಲ ಸ್ವಾಮಿ! ಸತ್ತ ನರಕೋಶ ಮತ್ತೆ ಹುಟ್ಟಲ್ಲ. ಇವತ್ತು ನಾನು ಹೇಳೋದು ಇದೊಂದೇ ಮಾತು, ಹತ್ತು ಸಲ ಹೇಳ್ತೀನಿ, ಕೇಳಿಸ್ಕೊಳ್ಳಿ.

ಈ ವೈರಸ್ ಬಾಯಿಂದ ಒಳಗೆ ಹೋಗಿ ಗಂಟಲಲ್ಲಿ, ಕರುಳಲ್ಲಿ ಬೆಳೆಯುತ್ತೆ. ಹೆಚ್ಚಿನವರಿಗೆ ಏನೂ ಗೊತ್ತಾಗೋದೇ ಇಲ್ಲ, ಕೆಲವರಿಗೆ ನಾಲ್ಕು ದಿನ ಜ್ವರ. ಸುಮಾರು 200 ಸೋಂಕಿನಲ್ಲಿ ಒಂದರಲ್ಲಿ ಮಾತ್ರ ಅದು ಬೆನ್ನುಹುರಿಗೆ ನುಗ್ಗಿ, ಸ್ನಾಯುಗಳನ್ನು ಆಡಿಸೋ ಚಾಲಕ ನರಕೋಶಗಳನ್ನು ಕೊಂದು, ಕೈಕಾಲಿನ ಸ್ವಾಧೀನ ತಪ್ಪಿಸುತ್ತೆ. ಆ ಕಾಲನ್ನು ಚಿವುಟಿದರೆ ಮಗು ಅಳುತ್ತೆ, ಆದರೆ ಕಾಲು ಎತ್ತೋಕಾಗಲ್ಲ. ಯಾಕಂದ್ರೆ ಸ್ಪರ್ಶದ ನರಕ್ಕೆ ಏನೂ ಆಗಿಲ್ಲ, ಆಡಿಸೋ ಕೋಶ ಸತ್ತಿದೆ.

"ಮತ್ತೆ ಆ ಮಗು ಎದ್ದು ನಡೆದಿದ್ದು ಹೇಗೆ?" ಅಂತೀರಿ. ಲೆಕ್ಕ ಹಾಕೋಣ, ಅರ್ಥ ಆಗಲಿ ಅಂತ ಸುಲಭದ ಅಂಕಿ ತಗೊಂಡಿದ್ದೀನಿ. ತೊಡೆಯ ಒಂದು ಸ್ನಾಯುವಿಗೆ 100 ನರಕೋಶ, ಒಂದೊಂದೂ ಆ ಸ್ನಾಯುವಿನ 200 ಎಳೆ ಆಡಿಸುತ್ತೆ ಅನ್ನಿ. ಒಟ್ಟು 20,000 ಎಳೆ. ವೈರಸ್ 60 ಕೋಶ ಕೊಂದಿತು. ಉಳಿದ 40 ಕೋಶ ಸುಮ್ಮನೆ ಕೂರಲ್ಲ. ಹೊಸ ಕವಲು ಚಾಚಿ, ಅನಾಥವಾದ ಎಳೆಗಳನ್ನೂ ಹಿಡಿಯುತ್ತವೆ. ಈಗ ಒಂದೊಂದರ ಹೆಗಲಿಗೆ 500 ಎಳೆ. 40 ಸಲ 500, ಮತ್ತೆ 20,000! ಕಾಲಿಗೆ ಬಲ ಬಂತು, ಮನೆಯವರು ಹರಕೆ ತೀರಿಸಿದರು. ಆದರೆ ಸತ್ತ 60 ಸತ್ತೇ ಇದೆ.

ಎರಡೂವರೆ ಆಳಿನ ಕೆಲಸ ಒಬ್ಬನೇ ಎಷ್ಟು ವರ್ಷ ಮಾಡ್ತಾನೆ? ಮೂವತ್ತು, ನಲವತ್ತು ವರ್ಷ ಆದಮೇಲೆ ಆ ಚಾಚಿದ ಕವಲುಗಳು ಒಂದೊಂದಾಗಿ ಉದುರೋಕೆ ಶುರು. ಜೊತೆಗೆ ವಯಸ್ಸು ಎಲ್ಲರಿಂದಲೂ ನರಕೋಶ ಕಸಿದುಕೊಳ್ಳುತ್ತೆ. 100 ಇದ್ದವನಿಗೆ 10 ಕೋಶ ಹೋದರೆ ಹತ್ತನೇ ಒಂದು ಪಾಲು, ಗಮನಕ್ಕೂ ಬರಲ್ಲ. 40 ಇದ್ದವನಿಗೆ ಅದೇ 10 ಹೋದರೆ ಕಾಲು ಭಾಗ. ಮೆಟ್ಟಿಲು ಹತ್ತುವಾಗ ಅಂಗೈಯಿಂದ ತೊಡೆ ಒತ್ತಿ ಹಿಡಿದು, ಮೊಣಕಾಲು ಕುಸಿಯದ ಹಾಗೆ ನೋಡ್ಕೊಳ್ಳೋದು ಆಗಲೇ ಶುರುವಾಗುತ್ತೆ. ಇದನ್ನೇ ಪೋಸ್ಟ್ ಪೋಲಿಯೋ ಸಿಂಡ್ರೋಮ್ ಅನ್ನೋದು. ವೈರಸ್ ವಾಪಸ್ ಬಂದಿಲ್ಲ, ಯಾರಿಗೂ ಹರಡಲ್ಲ.

ಹಿಂದೆ ಪೋಲಿಯೋ ಆಗಿದ್ದವರು ಇದನ್ನು ಗಮನವಿಟ್ಟು ಕೇಳಿ. ಈ ನಿಶ್ಶಕ್ತಿ ನಿಧಾನವಾಗಿ ಬರುತ್ತೆ. ದಿಢೀರ್ ಅಂತ ಬಂದರೆ, ಮರಗಟ್ಟಿದರೆ, ಜುಮುಗುಟ್ಟಿದರೆ ಕಾರಣ ಬೇರೆ ಇರಬಹುದು, ಬೇಗ ವೈದ್ಯರಿಗೆ ತೋರಿಸಿ. ಥೈರಾಯ್ಡ್, ರಕ್ತಹೀನತೆ, ಬೆನ್ನಲ್ಲಿ ನರ ಒತ್ತಿರೋದು, ಎಲ್ಲ ಇಲ್ಲ ಅಂತ ಖಾತ್ರಿಯಾದಮೇಲೇ ಈ ಹೆಸರು ಇಡೋದು. ಇದನ್ನು ಹಿಮ್ಮೆಟ್ಟಿಸೋ ಔಷಧಿ ಇಲ್ಲ. "ಸುಸ್ತಾಗೋವರೆಗೂ ವ್ಯಾಯಾಮ ಮಾಡಿ ಗಟ್ಟಿ ಮಾಡ್ಕೊಳ್ಳಿ" ಅಂತ ಹುರಿದುಂಬಿಸೋರ ಮಾತು ಕೇಳಬೇಡಿ. ಇವತ್ತಿನ ದಣಿವು ನಾಳೆ ಬೆಳಗ್ಗೆಯೂ ಉಳಿದಿದ್ದರೆ ಮಾಡಿದ್ದು ಜಾಸ್ತಿ ಆಯ್ತು ಅಂತ ಅರ್ಥ. ಹೀಗಿರೋರು ನಿಮ್ಮ ಮನೇಲಿದ್ದರೆ ಈ ಸಂಚಿಕೆ ಅವರಿಗೆ ಕಳಿಸಿ. ಚಂದಾದಾರರೂ ಆಗಿ, ಯಾಕಂದ್ರೆ ಕ್ಯಾಲಿಪರ್, ಊರುಗೋಲು ಆರಿಸೋದರ ಬಗ್ಗೆ ಮುಂದಿನ ವಾರ ಮಾತಾಡ್ತೀನಿ.

ಈಗ ಲಸಿಕೆ. ಕರುಳಿಂದ ಬೆನ್ನುಹುರಿಗೆ ಹೋಗೋ ಮುಖ್ಯ ದಾರಿ ರಕ್ತ. ಲಸಿಕೆಯಿಂದ ಹುಟ್ಟಿದ ಪ್ರತಿಕಾಯ ಆ ದಾರಿಯಲ್ಲೇ ಕಾದು ಕೂತು ವೈರಸ್ಸನ್ನು ಹಿಡಿಯುತ್ತೆ. ಕೋಶ ಸತ್ತಮೇಲೆ ಯಾರು ಬಂದು ಏನು ಪ್ರಯೋಜನ? ಚುಚ್ಚುಮದ್ದಿನ ಮೂರು ಡೋಸ್ ಆದರೆ ನೂರರಲ್ಲಿ 99ಕ್ಕೂ ಹೆಚ್ಚು ಮಂದಿಗೆ ರಕ್ಷಣೆ. 1988ರಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 3,50,000 ಮಂದಿಗೆ ಪೋಲಿಯೋದಿಂದ ಸ್ವಾಧೀನ ತಪ್ಪುತ್ತಿತ್ತು. ಅದನ್ನು ಇಳಿಸಿದ್ದು ಲಸಿಕೆ.

"ಹನಿಯಿಂದಲೇ ಪೋಲಿಯೋ ಬರುತ್ತಂತಲ್ಲ?" ಬರಬಹುದು, ಲಕ್ಷಾಂತರ ಡೋಸಿಗೆ ಒಂದು. ಹನಿಯಲ್ಲಿರೋದು ಶಕ್ತಿಗುಂದಿಸಿದ ಜೀವಂತ ವೈರಸ್. ಲಸಿಕೆ ಹಾಕಿಸ್ಕೊಳ್ಳದವರೇ ಹೆಚ್ಚಿರೋ ಕಡೆ ಅದು ಒಬ್ಬರಿಂದೊಬ್ಬರಿಗೆ ಹರಡ್ತಾ ಹರಡ್ತಾ ಮತ್ತೆ ಬಲ ಪಡೀಬಹುದು. 2022ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಅಂಥ ವೈರಸ್‌ನಿಂದಲೇ ಒಬ್ಬ ಯುವಕನ ಕಾಲಿನ ಸ್ವಾಧೀನ ತಪ್ಪಿತು. ಅವನು ಲಸಿಕೆ ಹಾಕಿಸ್ಕೊಂಡಿರಲಿಲ್ಲ. ಚುಚ್ಚುಮದ್ದಿನಲ್ಲಿರೋದಂತೂ ಸತ್ತ ವೈರಸ್, ಅದರಿಂದ ಪೋಲಿಯೋ ಬರೋಕೆ ಸಾಧ್ಯವೇ ಇಲ್ಲ.

"ನಮ್ಮಜ್ಜ ಹಾಕಿಸ್ಕೊಳ್ಳದೆ ನೂರು ವರ್ಷ ಬದುಕಿದ್ರು" ಅಂತ ಇನ್ನೊಬ್ಬರು. ಬದುಕಿರ್ತಾರೆ. 200ರಲ್ಲಿ 199 ಮಂದಿ ಕಾಲು ಉಳಿಸ್ಕೊಂಡಿರ್ತಾರೆ. ಆ ಒಂದು ಮಗುವಿನ ಬಗ್ಗೆ ನಾನು ಮಾತಾಡ್ತಿರೋದು! ಅದು ನಡೀಬಹುದು, ಓಡಬಹುದು, ಮದುವೆ ಆಗಬಹುದು. ಐವತ್ತಕ್ಕೆ ಮತ್ತೆ ಗೋಡೆ ಹಿಡಿಯೋ ಹಾಗೂ ಆಗಬಹುದು. ಯಾಕೆ? ಹೇಳಿದೆನಲ್ಲ. ಸತ್ತ ನರಕೋಶ ಮತ್ತೆ ಹುಟ್ಟಲ್ಲ, ಸ್ವಾಮಿ.